ಏಳೂವರೆ ಲಕ್ಷ ಕೇಳಿದ ಹುಡುಗನಿಗೆ ನಾನು ಬರೆದ ಉತ್ತರ

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ನಮ್ಮ ಸಂಬಳದ ಬ್ಯಾಂಡ್‌ನ ತುದಿ ವರ್ಷಕ್ಕೆ 6.6 ಲಕ್ಷ. ಹುಬ್ಬಳ್ಳಿಯ ಹುಡುಗನೊಬ್ಬನಿಗೆ ಅಷ್ಟನ್ನೂ ಆಫರ್ ಮಾಡಿದ್ದೆವು. ಮಾರನೇ ದಿನವೇ ಮೇಲ್ ಬಂತು: "ಮೇಡಂ, 7.5 ಲಕ್ಷ ಮಾಡಿಕೊಡಿ."

ಮೊದಲೆಲ್ಲ ಇಂಥ ಮೇಲ್‌ಗೆ "ನೋಡೋಣ, ಮೇಲಿನವರ ಹತ್ತಿರ ಕೇಳ್ತೀನಿ" ಅಂತ ಬರೆಯುತ್ತಿದ್ದೆ. ಆಗಲ್ಲ ಅಂತ ನನಗೆ ಗೊತ್ತಿರುತ್ತಿತ್ತು. ನಾಲ್ಕು ದಿನ ಬಿಟ್ಟು ಇಲ್ಲ ಅಂದರೆ, ಇನ್ನೂ ಸ್ವಲ್ಪ ಎಳೆದರೆ ಸಿಗುತ್ತೆ ಅಂತ ಅವರಿಗೆ ಅನಿಸುತ್ತಿತ್ತು. ಈಗ ಇಲ್ಲ ಅನ್ನುವುದನ್ನು ಅದೇ ದಿನ ಹೇಳಿಬಿಡುತ್ತೇನೆ. ಆದರೆ ಬರೆಯುವ ಮುಂಚೆ ಒಂದು ಫೋನ್ ಮಾಡುತ್ತೇನೆ.

"ಈ ಮೊತ್ತಕ್ಕೆ ಹೇಗೆ ಬಂದಿರಿ?" ಅಂತ ಕೇಳಿದೆ. ಎರಡು ವಿಷಯ ಹೊರಗೆ ಬಂತು. ಒಂದು, ಅವನು ನಮ್ಮ ಸಿಟಿಸಿಯನ್ನು, ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚವಾದ ಆ 6.6 ಲಕ್ಷವನ್ನು 12ರಿಂದ ಭಾಗಿಸಿ, ತಿಂಗಳಿಗೆ 55,000 ಕೈಗೆ ಬರುತ್ತೆ ಅಂದುಕೊಂಡಿದ್ದ. ಅದು ಅಷ್ಟಿರಲ್ಲ. ನಮ್ಮಲ್ಲಿ ಬೇಸಿಕ್ 27,500. ಅದರ ಮೇಲೆ ಕಂಪನಿಯ ಪಿಎಫ್ 3,300, ಗ್ರಾಚ್ಯುಟಿಗೆ ಸುಮಾರು 1,320 ಸಿಟಿಸಿ ಒಳಗೇ ಇವೆ. ಅವನ ಪಾಲಿನ ಪಿಎಫ್ 3,300, ವೃತ್ತಿ ತೆರಿಗೆ 200 ಹೋದರೆ ಕೈಗೆ ಸುಮಾರು 46,900. ಇದನ್ನು ಮುಚ್ಚಿಡದೆ ಹೇಳಿದೆ. ಮೊದಲ ಸಂಬಳದ ದಿನ ಗೊತ್ತಾಗಿ ಬೇಜಾರಾಗುವುದಕ್ಕಿಂತ ಇದು ವಾಸಿ ಅಲ್ವಾ?

ಎರಡನೆಯದೇ ಅವನ ನಿಜವಾದ ತೊಂದರೆ. ಬೆಂಗಳೂರಲ್ಲಿ ಮನೆಗೆ 1 ಲಕ್ಷ ಅಡ್ವಾನ್ಸ್ ಕೇಳುತ್ತಿದ್ದರು.

ಅಂದರೆ ಬೇಕಿದ್ದದ್ದು ಒಂದು ಸಲದ ಹಣ. ಸಂಬಳ ಏರಿಸಿದರೆ ಅದೇ ಹುದ್ದೆಯಲ್ಲಿ ನಾಲ್ಕು ವರ್ಷದಿಂದ ಇರುವವರಿಗಿಂತ ಹೊಸಬನಿಗೆ ಜಾಸ್ತಿಯಾಗುತ್ತೆ, ಅದು ಪ್ರತಿ ವರ್ಷವೂ ಮುಂದುವರಿಯುತ್ತೆ. ಜಾಯ್ನಿಂಗ್ ಬೋನಸ್‌ಗೆ ಆ ತೊಂದರೆ ಇಲ್ಲ. ಪ್ಲಾಂಟ್ ಹೆಡ್ ಹತ್ತಿರ ಹೋಗಿ 60,000ಕ್ಕೆ ಒಪ್ಪಿಗೆ ಪಡೆದೆ. ಅದು ಮೊದಲ ಸಂಬಳದ ಜೊತೆಗೇ ಬರುವುದರಿಂದ, ಅಲ್ಲಿಯವರೆಗೆ ಇರಲು ಕಂಪನಿ ಗೆಸ್ಟ್‌ಹೌಸ್‌ನಲ್ಲಿ ಒಂದು ತಿಂಗಳು ಜಾಗ ಕೇಳಿದೆ.

ಸಂಜೆ ಹೀಗೆ ಬರೆದೆ:

"ನಿಮ್ಮ ಮೇಲ್‌ಗೆ ಧನ್ಯವಾದ. ಈ ಹುದ್ದೆಗೆ 6.6 ಲಕ್ಷವೇ ಗರಿಷ್ಠ, ಅದನ್ನು ನಿಮಗೆ ಕೊಟ್ಟಿದ್ದೇವೆ, ಅದಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ. ಜಾಯ್ನಿಂಗ್ ಬೋನಸ್ 60,000 ಮತ್ತು ಒಂದು ತಿಂಗಳು ಗೆಸ್ಟ್‌ಹೌಸ್ ಕೊಡಬಲ್ಲೆವು. ಬೋನಸ್‌ಗೂ ಆದಾಯ ತೆರಿಗೆಯ ನಿಯಮ ಅನ್ವಯಿಸುತ್ತದೆ. ಒಂದು ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕು. ಶುಕ್ರವಾರದೊಳಗೆ ತಿಳಿಸಿ."

"ಆರು ತಿಂಗಳಿಗೆ ಏರಿಸ್ತೀವಿ" ಅಂತ ನಾನು ಸೇರಿಸಲಿಲ್ಲ. ಹಿಂದೊಮ್ಮೆ ಒಬ್ಬ ಹುಡುಗಿಗೆ ಬಾಯಿಮಾತಲ್ಲಿ ಹಾಗೆ ಹೇಳಿದ್ದೆ. ಏಪ್ರಿಲ್‌ವರೆಗೂ ಏನೂ ಸಿಗದೆ ಅವಳು ಕೆಲಸ ಬಿಟ್ಟಳು. ಆ ತಪ್ಪು ನನ್ನದೇ. ಈಗ ಆಫರ್ ಲೆಟರ್‌ನಲ್ಲಿ ಬರೆಯಲಾಗದ ಮಾತನ್ನು ಫೋನ್‌ನಲ್ಲೂ ಹೇಳುವುದಿಲ್ಲ.

ಗುರುವಾರ ಅವನ ಫೋನ್ ಬಂತು. "ಮೇಡಂ, ಎಂಟು ತಿಂಗಳು ಕೆಲಸ ಮಾಡಿ ಬಿಟ್ಟರೂ ಪೂರ್ತಿ 60,000 ಕೊಡಬೇಕಾ?" ಕೇಳಿದ್ದು ನ್ಯಾಯವಾಗಿತ್ತು. ಉಳಿದ ತಿಂಗಳುಗಳ ಪಾಲು ಮಾತ್ರ, ಅಂದರೆ ತಿಂಗಳಿಗೆ 5,000ದಂತೆ ಅಂತ ಲೆಟರ್‌ನಲ್ಲಿ ತಿದ್ದಿಸಿದೆ. ಸಹಿ ಹಾಕಿ ಕಳಿಸಿದ.