ಯೀಲ್ಡ್ ಒಂದು ಪರ್ಸೆಂಟ್ ಏರಿದರೆ ನಮ್ಮ ಬಾಂಡ್ ಎಷ್ಟು ಬೀಳುತ್ತೆ: ನಾನು ಹಾಕಿದ ಲೆಕ್ಕ

ದಾವಣಗೆರೆಯ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಹೂಡಿಕೆಯ ಟೇಬಲ್ ನನ್ನದು. ಟೇಬಲ್ ಅಂದರೆ ನಿಜವಾಗಿಯೂ ಒಂದೇ ಟೇಬಲ್, ಒಂದು ಕಂಪ್ಯೂಟರ್, ನಾನು. ಸರ್ಕಾರಿ ಬಾಂಡ್ ಕೊಳ್ಳುವುದು, ಬಡ್ಡಿ ಬಂತಾ ನೋಡುವುದು, ಮೂರು ತಿಂಗಳಿಗೊಮ್ಮೆ ಮಾರುಕಟ್ಟೆ ಬೆಲೆಗೆ ತಾಳೆ ಹಾಕುವುದು, ಇಷ್ಟೇ ಕೆಲಸ. 2022ರ ಜನವರಿಯಲ್ಲಿ ಹತ್ತು ಕೋಟಿ ಮುಖಬೆಲೆಯ ಹತ್ತು ವರ್ಷದ ಬಾಂಡ್ ಕೊಂಡೆವು. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ: ಕೂಪನ್, ಅಂದರೆ ಮುಖಬೆಲೆಯ ಮೇಲೆ ಕೊಡುವ ಬಡ್ಡಿ, 6.5 ಪರ್ಸೆಂಟ್; ಯೀಲ್ಡ್, ಅಂದರೆ ಇವತ್ತಿನ ಬೆಲೆಗೆ ಕೊಂಡು ಕೊನೆವರೆಗೆ ಇಟ್ಟರೆ ವರ್ಷಕ್ಕೆ ಸಿಗುವ ಆದಾಯ, ಅದೂ 6.5, ಹಾಗಾಗಿ ಬೆಲೆ ನೂರಕ್ಕೆ ನೂರು. ಬಡ್ಡಿ ಆರು ತಿಂಗಳಿಗೊಮ್ಮೆ.

ಮಾರ್ಚ್‌ನಲ್ಲಿ ಆಡಳಿತ ಮಂಡಳಿಯ ಸಭೆ ಇತ್ತು. ನಮ್ಮ ಅಧ್ಯಕ್ಷರು ಮೆಕ್ಕೆಜೋಳದ ವ್ಯಾಪಾರಸ್ಥರು. ಬಾಂಡ್ ಬಗ್ಗೆ ಮಾತು ಬಂದಾಗ ಅವರು ಸುತ್ತಿ ಬಳಸಿ ಕೇಳಲಿಲ್ಲ. "ಅಲ್ರೀ, ಯೀಲ್ಡ್ ಆರೂವರೆಯಿಂದ ಏಳೂವರೆಗೆ ಹೋದ್ರೆ ನಮಗೆ ಎಷ್ಟು ಹೋಗ್ತದೆ? ಒಂದು ನಂಬರ್ ಹೇಳ್ರಿ."

ನಾನು ಒಂದು ನಂಬರ್ ಹೇಳಿದೆ. ಅದು ತಪ್ಪಿತ್ತು.

ನಾನು ಮಾಡಿದ್ದು ಇಷ್ಟು. ಎಕ್ಸೆಲ್‌ನಲ್ಲಿ DURATION ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ ಬಾಂಡ್‌ನ ವಿವರ ಕೊಟ್ಟೆ, 7.51 ಅಂತ ಬಂತು. ಒಂದು ಪರ್ಸೆಂಟ್ ಏರಿಕೆಗೆ 7.51 ಪರ್ಸೆಂಟ್ ನಷ್ಟ, ಹತ್ತು ಕೋಟಿಗೆ 75 ಲಕ್ಷ ಅಂದುಬಿಟ್ಟೆ. ಸಭೆ ಮುಗಿದು ನನ್ನ ಕುರ್ಚಿಗೆ ಬಂದು ಕೂತ ಮೇಲೆ, ಇನ್ನೊಂದು ದಾರಿಯಲ್ಲಿ ನೋಡೋಣ ಅಂತ PRICE ಫಂಕ್ಷನ್‌ಗೆ 7.5 ಯೀಲ್ಡ್ ಕೊಟ್ಟು ನೇರವಾಗಿ ಬೆಲೆ ತೆಗೆದೆ. 93.05 ಬಂತು. ಅಂದರೆ ನಷ್ಟ 69.5 ಲಕ್ಷ. ಐದೂವರೆ ಲಕ್ಷ ಎಲ್ಲಿ ಹೋಯಿತು?

ಮೊದಲ ಕಾರಣ ನನ್ನ ಅವಸರ. 7.51 ಅನ್ನುವುದು ಮೆಕಾಲೆ ಡ್ಯುರೇಷನ್. ಅದು ವರ್ಷಗಳ ಲೆಕ್ಕ: ಬಾಂಡ್‌ನಿಂದ ಬರುವ ಎಲ್ಲಾ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ, ಯಾವುದು ಎಷ್ಟು ದೂರದಲ್ಲಿದೆ ಅಂತ ತೂಗಿ ತೆಗೆದ ಸರಾಸರಿ ಕಾಯುವ ಕಾಲ. ಬೆಲೆ ಎಷ್ಟು ಅಲ್ಲಾಡುತ್ತೆ ಅಂತ ತಿಳಿಯಲು ಒಂದಕ್ಕೆ ಒಂದು ಅವಧಿಯ ಯೀಲ್ಡ್ ಕೂಡಿಸಿ, ಬಂದದ್ದರಿಂದ ಅದನ್ನು ಭಾಗಿಸಬೇಕು. ಇಲ್ಲಿ ಆರು ತಿಂಗಳಿಗೆ 3.25 ಪರ್ಸೆಂಟ್, ಹಾಗಾಗಿ 7.51ನ್ನು 1.0325ರಿಂದ ಭಾಗಿಸಿದರೆ 7.27. ಇದೇ ಮಾಡಿಫೈಡ್ ಡ್ಯುರೇಷನ್. ಎಕ್ಸೆಲ್‌ನಲ್ಲಿ ಇದಕ್ಕೆ MDURATION ಅಂತ ಬೇರೆ ಫಂಕ್ಷನ್ನೇ ಇದೆ, ಒಂದು ಅಕ್ಷರದ ವ್ಯತ್ಯಾಸ. ಇದರ ಪ್ರಕಾರ ನಷ್ಟ 72.7 ಲಕ್ಷ. ಇನ್ನೂ ಮೂರು ಲಕ್ಷ ಚಿಲ್ಲರೆ ಉಳಿಯಿತು. ಅದು ನನ್ನ ತಪ್ಪಲ್ಲ, ಅದು ಕಾನ್ವೆಕ್ಸಿಟಿ.

ಅಧ್ಯಕ್ಷರಿಗೆ ಇದನ್ನು ಹೇಳಲೇಬೇಕಿತ್ತು, ಯಾಕೆಂದರೆ 75 ಲಕ್ಷ ಅಂತ ನಡಾವಳಿಯಲ್ಲಿ ಬರೆದುಬಿಟ್ಟಿದ್ದರು. ಮಾರನೇ ದಿನ ಮಂಡಿಪೇಟೆಯ ಹತ್ತಿರ ಅವರ ಗೋದಾಮಿಗೆ ಹೋದೆ. ಹೊರಗೆ ಮೆಕ್ಕೆಜೋಳ ಹರವಿದ್ದರು. ಸೂತ್ರ ತೆಗೆದರೆ ಅವರು ಕೇಳುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ಹರವಿದ್ದನ್ನೇ ತೋರಿಸಿ ಕೇಳಿದೆ: "ಯಜಮಾನ್ರೆ, ಹಸಿ ಜೋಳ ಮೊದಲನೇ ದಿನ ಒಣಗಿದಷ್ಟೇ ತೂಕ ದಿನಾ ಇಳೀತದಾ?"

"ಎಲ್ಲಿ ಇಳೀತದೆ? ಮೊದಲನೇ ದಿನ ಜಾಸ್ತಿ. ಆಮೇಲೆ ಕಡಿಮೆ, ಇನ್ನೂ ಕಡಿಮೆ. ನೀರೇ ಇಲ್ಲ ಅಂದ್ರೆ ಏನು ಇಳೀತದೆ?"

"ಮೊದಲನೇ ದಿನದ ಲೆಕ್ಕ ಹಿಡಿದು ಹತ್ತು ದಿನಕ್ಕೆ ಗುಣಿಸಿದ್ರೆ?"

"ಜಾಸ್ತಿ ಬರ್ತದೆ. ಯಾವ ದಡ್ಡ ಹಂಗೆ ಮಾಡ್ತಾನೆ?"

ಆ ದಡ್ಡ ನಾನೇ. ಡ್ಯುರೇಷನ್ ಅನ್ನುವುದು ಮೊದಲನೇ ದಿನದ ಇಳಿಕೆಯ ವೇಗ. ಯೀಲ್ಡ್ 6.5ರಲ್ಲಿ ನಿಂತಿರುವಾಗ ಬೆಲೆ ಪರ್ಸೆಂಟಿಗೆ 7.27 ರೂಪಾಯಿಯ ವೇಗದಲ್ಲಿ ಬೀಳುತ್ತೆ. ಆದರೆ ಯೀಲ್ಡ್ ಏರುತ್ತಾ ಹೋದಂತೆ ದೂರದ ಹಣದ, ಅದರಲ್ಲೂ ಹತ್ತನೇ ವರ್ಷ ಬರುವ ಅಸಲಿನ, ಇವತ್ತಿನ ಬೆಲೆ ಎಲ್ಲಕ್ಕಿಂತ ಹೆಚ್ಚು ಕುಗ್ಗುತ್ತೆ. ದೂರದ್ದು ಕುಗ್ಗಿದರೆ ಹತ್ತಿರದ ಕೂಪನ್‌ಗಳ ಪಾಲು ಹೆಚ್ಚಾಗುತ್ತೆ, ಬಾಂಡ್ ಮೊದಲಿಗಿಂತ ಸ್ವಲ್ಪ ಗಿಡ್ಡ ಬಾಂಡ್‌ನಂತೆ ನಡೆಯುತ್ತೆ. 7.5 ತಲುಪುವಷ್ಟರಲ್ಲಿ ಇಳಿಕೆಯ ವೇಗ 6.64 ರೂಪಾಯಿಗೆ ಬಂದಿರುತ್ತೆ. ಹಾಗಾಗಿ 6.5ರಿಂದ 7.5ಕ್ಕೆ ಹೋದಾಗ ಬಿದ್ದಿದ್ದು 6.95, ಅಲ್ಲಿಂದ 8.5ಕ್ಕೆ ಹೋದರೆ ಬೀಳುವುದು 6.35. ವೇಗ ಹೀಗೆ ಕಡಿಮೆಯಾಗುವುದರ ಅಳತೆಯೇ ಕಾನ್ವೆಕ್ಸಿಟಿ. ನಮ್ಮ ಬಾಂಡ್‌ಗೆ ಅದು 66.5.

ಈಗ ಎರಡನ್ನೂ ಸೇರಿಸುವ ಲೆಕ್ಕ. ಏರಿಕೆ ಒಂದು ಪರ್ಸೆಂಟ್, ಅಂದರೆ 0.01. ಡ್ಯುರೇಷನ್ ಭಾಗ: 7.27 ಗುಣಿಸು 0.01, ಅಂದರೆ 7.27 ಪರ್ಸೆಂಟ್ ಇಳಿಕೆ. ಕಾನ್ವೆಕ್ಸಿಟಿ ಭಾಗ: 66.5ರ ಅರ್ಧ 33.25, ಅದನ್ನು 0.01ರ ವರ್ಗದಿಂದ ಗುಣಿಸಿದರೆ 0.33 ಪರ್ಸೆಂಟ್ ವಾಪಸ್. ಉಳಿದಿದ್ದು 6.94. ನಿಜವಾದ ಇಳಿಕೆ 6.95. ಹತ್ತು ಕೋಟಿಯ ಮೇಲೆ ಹನ್ನೊಂದು ಸಾವಿರದಷ್ಟು ವ್ಯತ್ಯಾಸ. ಇಷ್ಟು ಸಾಕು.

ಇದರಲ್ಲಿ ಎರಡು ಕಡೆ ಕೈ ಜಾರುತ್ತೆ. ಒಂದು, ಆ ಅರ್ಧವನ್ನು ಮರೆಯುವುದು. ಇನ್ನೊಂದು, 0.01 ಹಾಕುವ ಕಡೆ 1 ಹಾಕುವುದು. ಎರಡನೆಯದು ಕೂಡಲೇ ಗೊತ್ತಾಗುತ್ತೆ, ಯೀಲ್ಡ್ ಏರಿದಾಗ ಬೆಲೆ ಸಾವಿರಾರು ಪರ್ಸೆಂಟ್ ಏರಿದಂತೆ ತೋರಿಸುತ್ತೆ. ಮೊದಲನೆಯದು ಸುಮ್ನೆ ಕೂತಿರುತ್ತೆ, 6.94 ಬದಲು 6.60 ಅಂತ ಹೇಳುತ್ತೆ, ನೋಡಲು ಸರಿಯಾಗೇ ಕಾಣುತ್ತೆ. ಕೆಲವು ಕಡೆ ಕಾನ್ವೆಕ್ಸಿಟಿಯನ್ನು ನೂರರಿಂದ ಭಾಗಿಸಿ 0.665 ಅಂತ ಕೊಡುತ್ತಾರೆ, ಅದನ್ನೂ ನೋಡಿಕೊಳ್ಳಬೇಕು.

ಎಕ್ಸೆಲ್‌ನಲ್ಲಿ ಕಾನ್ವೆಕ್ಸಿಟಿಗೆ ತಯಾರಾದ ಫಂಕ್ಷನ್ ಇಲ್ಲ. ನಾನು ಯೀಲ್ಡ್ ಅನ್ನು ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ತಳ್ಳಿ ಮೂರು ಬೆಲೆ ತೆಗೆಯುತ್ತೇನೆ. B1ರಲ್ಲಿ ಕೊಂಡ ದಿನ, B2ರಲ್ಲಿ ಮುಗಿಯುವ ದಿನ, B3 ಕೂಪನ್, B4 ಯೀಲ್ಡ್, B5ರಲ್ಲಿ ಎಷ್ಟು ತಳ್ಳಬೇಕು ಅನ್ನುವುದು.

```
B7:  =PRICE(B1,B2,B3,B4,100,2,4)
B8:  =PRICE(B1,B2,B3,B4-B5,100,2,4)
B9:  =PRICE(B1,B2,B3,B4+B5,100,2,4)
B10: =(B8-B9)/(2*B7*B5)
B11: =(B8+B9-2*B7)/(B7*B5^2)
```

B10 ಡ್ಯುರೇಷನ್, B11 ಕಾನ್ವೆಕ್ಸಿಟಿ. ಕೊನೆಯ 2 ಅಂದರೆ ವರ್ಷಕ್ಕೆ ಎರಡು ಬಡ್ಡಿ. 4 ಅಂದರೆ ತಿಂಗಳಿಗೆ 30, ವರ್ಷಕ್ಕೆ 360 ದಿನದ ಲೆಕ್ಕ, ನಮ್ಮ ಸರ್ಕಾರಿ ಬಾಂಡ್‌ಗಳಿಗೆ ಅದೇ ಪದ್ಧತಿ.

ಮೊದಲ ಸಲ ಇದನ್ನು ಮಾಡಿದಾಗ ಕಾನ್ವೆಕ್ಸಿಟಿ ಸೊನ್ನೆ ಬಂತು. ಒಂದು ಮಧ್ಯಾಹ್ನ ಪೂರ್ತಿ ಅದರ ಹಿಂದೆ ಹೋಯಿತು. ಆಗಿದ್ದು ಏನೆಂದರೆ, ಸರ್ಕಾರಿ ಬಾಂಡ್‌ನ ಬೆಲೆಯನ್ನು ನಾಲ್ಕು ದಶಾಂಶಕ್ಕೆ ಹೇಳುವುದು ರೂಢಿ ಅಂತ ನಾನು ಮೂರೂ ಬೆಲೆಗೆ ROUND ಹಾಕಿದ್ದೆ. B5ರಲ್ಲಿ 0.01 ಪರ್ಸೆಂಟ್ ಇಟ್ಟಿದ್ದೆ, ಸಣ್ಣದಾದಷ್ಟೂ ನಿಖರ ಅಂತ. ಬೆಲೆಗಳು 100.0727 ಮತ್ತು 99.9273. ಕೂಡಿದರೆ ಸರಿಯಾಗಿ ಇನ್ನೂರು, ಇನ್ನೂರು ಕಳೆದರೆ ಸೊನ್ನೆ! ವಕ್ರತೆ ಇದ್ದಿದ್ದು ಐದನೇ ದಶಾಂಶದಲ್ಲಿ, ಅದನ್ನು ನಾನೇ ಕತ್ತರಿಸಿ ಎಸೆದಿದ್ದೆ. ROUND ತೆಗೆದು, B5ಕ್ಕೆ 0.5 ಪರ್ಸೆಂಟ್ ಕೊಟ್ಟೆ. ಆಗ 103.7194 ಮತ್ತು 96.4469 ಬಂತು, ಕೂಡಿದರೆ 200.1663. ಆ 0.1663ನ್ನು ಭಾಗಿಸಿದರೆ 66.5. ಆವತ್ತಿನಿಂದ ನಾನು ತಳ್ಳುವುದು ಅರ್ಧ ಪರ್ಸೆಂಟೇ.

ಇಷ್ಟೆಲ್ಲಾ ಯಾವಾಗ ಬೇಕು ಅನ್ನುವುದೂ ಮುಖ್ಯ. 2022ರ ಮೇ 4ರಂದು ರಿಸರ್ವ್ ಬ್ಯಾಂಕ್ ಯಾರೂ ನಿರೀಕ್ಷಿಸದ ದಿನ ರೆಪೊ ದರವನ್ನು 4ರಿಂದ 4.40ಕ್ಕೆ ಏರಿಸಿತು. ಆವತ್ತು ಹತ್ತು ವರ್ಷದ ಯೀಲ್ಡ್ ಸುಮಾರು ಕಾಲು ಪರ್ಸೆಂಟ್ ನೆಗೆಯಿತು. ನಮ್ಮ ಮಾದರಿ ಬಾಂಡ್‌ನಲ್ಲಿ ಕಾಲು ಪರ್ಸೆಂಟ್‌ಗೆ ಡ್ಯುರೇಷನ್ ಹೇಳುವ ನಷ್ಟ 18.2 ಲಕ್ಷ, ಕಾನ್ವೆಕ್ಸಿಟಿ ವಾಪಸ್ ಕೊಡುವುದು ಇಪ್ಪತ್ತು ಸಾವಿರ. ಫೋನಿನಲ್ಲಿ ಕೇಳಿದವರಿಗೆ ಹೇಳಲು ಡ್ಯುರೇಷನ್ ಒಂದೇ ಸಾಕು. ಆದರೆ ಏರಿಕೆ ನಾಲ್ಕು ಪಟ್ಟಾದರೆ ಕಾನ್ವೆಕ್ಸಿಟಿ ಭಾಗ ಹದಿನಾರು ಪಟ್ಟು, ಅಂದರೆ ಮೂರು ಲಕ್ಷದ ಮೇಲೆ. ಎರಡು ಪರ್ಸೆಂಟ್ ಏರಿದರೆ ಡ್ಯುರೇಷನ್ 145.4 ಲಕ್ಷ ಅನ್ನುತ್ತೆ, ಕಾನ್ವೆಕ್ಸಿಟಿ 13.3 ಲಕ್ಷ ವಾಪಸ್ ಕೊಟ್ಟು 132.1 ಅನ್ನುತ್ತೆ, ನಿಜ 132.9. ಅಲ್ಲಿ ಕಾನ್ವೆಕ್ಸಿಟಿಯೂ ಸ್ವಲ್ಪ ಜಾಸ್ತಿಯೇ ವಾಪಸ್ ಕೊಡುತ್ತೆ, ಯಾಕೆಂದರೆ ಅದೂ ದಾರಿಯುದ್ದಕ್ಕೂ ಕುಗ್ಗುತ್ತಿರುತ್ತೆ. ಅಷ್ಟು ದೊಡ್ಡ ಏರಿಕೆಗೆ ನಾನು ಅಂದಾಜು ಬಿಟ್ಟು PRICE ಫಂಕ್ಷನ್‌ನಲ್ಲೇ ನೇರವಾಗಿ ಬೆಲೆ ತೆಗೆಯುತ್ತೇನೆ.

ಇನ್ನೊಂದು ಸಣ್ಣ ವಿಷಯ. MDURATION ಕೊಡುವ ಸಂಖ್ಯೆ ಸೇರಿಕೊಂಡ ಬಡ್ಡಿಯೂ ಇರುವ ಪೂರ್ತಿ ಬೆಲೆಗೆ ಸೇರಿದ್ದು. PRICE ಕೊಡುವುದು ಬಡ್ಡಿ ಬಿಟ್ಟ ಬೆಲೆ. ಕೂಪನ್ ಬಂದು ಮೂರು ತಿಂಗಳಾಗಿದ್ದರೆ ನೂರಕ್ಕೆ 1.62 ರೂಪಾಯಿ ಬಡ್ಡಿ ಸೇರಿರುತ್ತೆ. ಎರಡನ್ನೂ ಕಲಸಿದರೆ ಹತ್ತು ಕೋಟಿಗೆ ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ತಪ್ಪುತ್ತೆ.

ಅಧ್ಯಕ್ಷರು ನಡಾವಳಿ ತಿದ್ದಿಸಿದರು. ಆಮೇಲೆ ಕೇಳಿದರು: "ಎಲ್ಲಾ ಬಾಂಡೂ ಸೇರಿಸಿ ಒಂದೇ ನಂಬರ್ ಕೊಡಬಹುದಾ?" ಕೊಡಬಹುದು, ಆದರೆ ನಾನು ಕೊಡಲಿಲ್ಲ. ಒಂದೇ ನಂಬರ್ ಅಂದರೆ ಎರಡು ವರ್ಷದ ಯೀಲ್ಡೂ ಹತ್ತು ವರ್ಷದ್ದೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಏರುತ್ತೆ ಅಂತ ಒಪ್ಪಿಕೊಂಡಂತೆ. 2022ರಲ್ಲಿ ಹಾಗೆ ಆಗಲಿಲ್ಲ, ಗಿಡ್ಡ ಅವಧಿಯ ಯೀಲ್ಡ್ ಉದ್ದದ್ದಕ್ಕಿಂತ ಜಾಸ್ತಿ ಏರಿತು. ಹಾಗಾಗಿ ನನ್ನ ಶೀಟ್‌ನಲ್ಲಿ ಪ್ರತಿ ಬಾಂಡಿಗೂ ಒಂದು ಸಾಲು, ಪ್ರತಿ ಸಾಲಿಗೂ ಅದರದ್ದೇ ಏರಿಕೆ. ಮುಗಿಯುವ ದಿನದವರೆಗೂ ಇಟ್ಟುಕೊಳ್ಳುವ ಎಚ್‌ಟಿಎಂ ಗುಂಪಿನ ಬಾಂಡ್‌ಗಳನ್ನು ಕೆಳಗೆ ಬೇರೆ ಬರೆಯುತ್ತೇನೆ, ಅವುಗಳ ನಷ್ಟ ಲೆಕ್ಕಪತ್ರದಲ್ಲಿ ಬರುವುದಿಲ್ಲ. ಬೇಕಾದಾಗ ಮಾರಲು ಇಟ್ಟ ಎಎಫ್‌ಎಸ್ ಗುಂಪಿನಲ್ಲಿ ಇರುವುದು ಮಾರುಕಟ್ಟೆ ಬೆಲೆಗೆ ಇಳಿಯಬೇಕು.

ಜೂನ್‌ನಲ್ಲಿ ಹತ್ತು ವರ್ಷದ ಯೀಲ್ಡ್ 7.5 ದಾಟಿತು. ಸರಿಯಾಗಿ 7.5 ಮುಟ್ಟಿದ ದಿನದ ಬೆಲೆಯನ್ನು ನನ್ನ 69.5ರ ಪಕ್ಕ ಇಟ್ಟು ನೋಡಿದೆ. ಮಾರುಕಟ್ಟೆಯ ನಷ್ಟ ಸುಮಾರು ಎರಡು ಲಕ್ಷ ಕಡಿಮೆ ಇತ್ತು. ಮತ್ತೆ ಎಲ್ಲೋ ತಪ್ಪಿದೆ ಅಂತ ಎದೆ ಧಸಕ್ ಅಂದಿತು. ಹತ್ತು ನಿಮಿಷಕ್ಕೆ ಗೊತ್ತಾಯಿತು: ನನ್ನ ಲೆಕ್ಕ ಜನವರಿಯ ಹತ್ತು ವರ್ಷದ ಬಾಂಡಿನದ್ದು, ಜೂನ್‌ನಲ್ಲಿ ಅದಕ್ಕೆ ಒಂಬತ್ತು ವರ್ಷ ಏಳು ತಿಂಗಳು ಮಾತ್ರ ಉಳಿದಿತ್ತು. B1ರ ತಾರೀಖು ಬದಲಿಸಿದೆ, ತಾಳೆ ಆಯಿತು.