ತಾರಸಿಯ ಸೋಲಾರ್ ಪ್ಯಾನೆಲ್: ಕಾದ ಸೆಲ್ಲನ್ನು ಡ್ರೋನ್‌ನಿಂದ ಹುಡುಕುವುದು ಹೇಗೆ?

ಸೋಲಾರ್ ಪ್ಯಾನೆಲ್‌ನ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದರಲ್ಲಿ ಹರಿದ ಕರೆಂಟೇ ಮುಂದಿನದರಲ್ಲೂ ಹರಿಯಬೇಕು. ಒಂದು ಸೆಲ್ ಬಿರುಕು ಬಿಟ್ಟರೆ ಅಥವಾ ಅದರ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಕೂತರೆ ಅದಕ್ಕೆ ಅಷ್ಟು ಕರೆಂಟ್ ಕೊಡುವ ಶಕ್ತಿ ಇರುವುದಿಲ್ಲ. ಆಗ ಉಳಿದವು ಅದರ ಮೂಲಕ ಕರೆಂಟನ್ನು ಬಲವಂತವಾಗಿ ತಳ್ಳುತ್ತವೆ. ವಿದ್ಯುತ್ ಕೊಡಬೇಕಾದ ಸೆಲ್ ವಿದ್ಯುತ್ತನ್ನು ತಿಂದು ಕಾಯತೊಡಗುತ್ತದೆ. ಹೊರಗಿನಿಂದ ನೋಡಿದರೆ ಪ್ಯಾನೆಲ್ ಚೆನ್ನಾಗಿಯೇ ಕಾಣುತ್ತದೆ, ಥರ್ಮಲ್ ಕ್ಯಾಮೆರಾದಲ್ಲಿ ಮಾತ್ರ ಆ ಚೌಕ ಎದ್ದು ಕಾಣುತ್ತದೆ.

ಬೆಂಗಳೂರಿನ ಒಂದು ತಾರಸಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 540 ವಾಟ್‌ನ 20 ಪ್ಯಾನೆಲ್, ಹತ್ತು ಹತ್ತು ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿದ ಎರಡು ಸಾಲು, ಅಂದರೆ ಎರಡು ಸ್ಟ್ರಿಂಗ್, ದಕ್ಷಿಣಕ್ಕೆ 13 ಡಿಗ್ರಿ ಓರೆ.

ಹಾರಿಸುವ ಮುನ್ನ

ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮನೆ ಅನುಮತಿಯಿಲ್ಲದೆ ಡ್ರೋನ್ ಹಾರಿಸಬಹುದಾದ ಹಸಿರು ವಲಯದಲ್ಲಿದೆಯೇ ನೋಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು ವಿಮಾನ ನೆಲೆಗಳ ಸುತ್ತಮುತ್ತ ಹಾಗೇ ಹಾರಿಸಲು ಬರುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ, 2 ಕೆ.ಜಿ. ಒಳಗಿನ ಡ್ರೋನ್ ‘ಮೈಕ್ರೋ’ ವರ್ಗಕ್ಕೆ ಸೇರುತ್ತದೆ. ಹಣ ಪಡೆದು ಈ ಕೆಲಸ ಮಾಡುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಲೇಬೇಕು. ಬಾಡಿಗೆಗೆ ಕರೆಸುವಾಗ ಅದನ್ನು ಕೇಳಿ ನೋಡಿ.

ಪ್ಯಾನೆಲ್‌ಗಳನ್ನು ಹಿಂದಿನ ದಿನ ಸಂಜೆ ತೊಳೆಯಿರಿ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಸುರಿದರೆ ಬಿರುಕು ಬಿಡುವ ಅಪಾಯವಿದೆ. ಪ್ರತಿ ಪ್ಯಾನೆಲ್‌ಗೂ ಸಂಖ್ಯೆ ಕೊಟ್ಟು ಕಾಗದದ ಮೇಲೆ ನಕ್ಷೆ ಬರೆದಿಟ್ಟುಕೊಳ್ಳಿ, ಮೇಲಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಸಾಲಿನ ಮೊದಲ ಪ್ಯಾನೆಲ್‌ನ ಪಕ್ಕ ನೆಲದ ಮೇಲೆ ಅಂಗೈ ಅಗಲದ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ಅದು ತಣ್ಣನೆಯ ಆಕಾಶವನ್ನು ಪ್ರತಿಫಲಿಸುವುದರಿಂದ ಥರ್ಮಲ್ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎಣಿಕೆ ಅಲ್ಲಿಂದ ಶುರು ಮಾಡಬಹುದು.

ಬಿಸಿಲು ಮತ್ತು ಕರೆಂಟ್, ಎರಡೂ ಬೇಕು

ಈ ತಪಾಸಣೆಗೆಂದೇ ಇರುವ ಐಇಸಿ 62446-3 ಮಾನದಂಡದ ಪ್ರಕಾರ ಪ್ಯಾನೆಲ್ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಕನಿಷ್ಠ 600 ವಾಟ್ ಇರಬೇಕು, ಗಾಳಿ ಗಂಟೆಗೆ 28 ಕಿ.ಮೀ. ಮೀರಬಾರದು. ಬಿಸಿಲು ಕಡಿಮೆಯಾದರೆ ಕರೆಂಟ್ ಕಡಿಮೆ, ಕಾಯುವುದೂ ಕಡಿಮೆ. ಗಾಳಿ ಜೋರಾದರೆ ಕಾದ ಸೆಲ್ ಆರಿಬಿಡುತ್ತದೆ. ತೇಲುಮೋಡಗಳು ಬಂದು ಹೋಗುವ ದಿನ ಈ ಕೆಲಸ ಬೇಡ. ಮೋಡ ಸರಿದ ಮೇಲೆ ತಾಪಮಾನ ಸ್ಥಿರವಾಗಲು 10–15 ನಿಮಿಷ ಬೇಕು.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಎಸಿಗೆ ಬದಲಿಸುವ ಇನ್ವರ್ಟರ್ ಓಡುತ್ತಿರಲೇಬೇಕು. ಕರೆಂಟ್ ಹೋದರೆ ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ, ಪ್ಯಾನೆಲ್‌ಗಳಲ್ಲಿ ಕರೆಂಟ್ ಹರಿಯುವುದೂ ನಿಲ್ಲುತ್ತದೆ. ಆಗ ತೆಗೆದ ಚಿತ್ರದಲ್ಲಿ ಕೆಟ್ಟ ಸೆಲ್ಲೂ ಒಳ್ಳೆಯ ಸೆಲ್ಲೂ ಒಂದೇ ಬಣ್ಣದಲ್ಲಿರುತ್ತವೆ, ‘ಎಲ್ಲ ಸರಿಯಿದೆ’ ಎಂಬ ಸುಳ್ಳು ವರದಿ ಕೈಗೆ ಬರುತ್ತದೆ. ಆದ್ದರಿಂದ ಹಾರಾಟದ ಉದ್ದಕ್ಕೂ ಒಬ್ಬರು ಇನ್ವರ್ಟರ್ ಪರದೆಯ ಮುಂದೆ ನಿಂತು ಐದು ನಿಮಿಷಕ್ಕೊಮ್ಮೆ ಉತ್ಪಾದನೆ ಬರೆದುಕೊಳ್ಳಲಿ. ನಡುವೆ ಕರೆಂಟ್ ಹೋಗಿ ಬಂದರೆ ಇನ್ವರ್ಟರ್ ಮತ್ತೆ ಪೂರ್ತಿ ಓಡತೊಡಗಿದ ಮೇಲೆ ಕಾಲು ಗಂಟೆ ಕಾಯಿರಿ.

ಎತ್ತರ ಮತ್ತು ಕೋನ

ಒಂದು ಸೆಲ್‌ನ ಅಗಲಕ್ಕೆ ಕನಿಷ್ಠ ಐದು ಪಿಕ್ಸೆಲ್ ಬರುವಷ್ಟು ಹತ್ತಿರ ಹಾರಬೇಕು. 640×512 ಪಿಕ್ಸೆಲ್‌ನ, 12 ಮೈಕ್ರಾನ್ ಸೆನ್ಸರ್ ಮತ್ತು 9 ಮಿ.ಮೀ. ಲೆನ್ಸ್ ಇರುವ ಕ್ಯಾಮೆರಾದಲ್ಲಿ ಪ್ರತಿ ಮೀಟರ್ ದೂರಕ್ಕೆ ಒಂದು ಪಿಕ್ಸೆಲ್ ಸುಮಾರು 1.33 ಮಿ.ಮೀ. ಜಾಗವನ್ನು ನೋಡುತ್ತದೆ. 12 ಮೀಟರ್ ದೂರದಿಂದ ಅದು 16 ಮಿ.ಮೀ. ಆಗುತ್ತದೆ. ಈಗಿನ ಪ್ಯಾನೆಲ್‌ಗಳ ಅರ್ಧ ಸೆಲ್‌ನ ಕಿರಿ ಬದಿ 91 ಮಿ.ಮೀ., ಅಂದರೆ ಐದೂವರೆ ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. 25 ಮೀಟರ್‌ಗೆ ಏರಿದರೆ ಮೂರು ಪಿಕ್ಸೆಲ್ ಕೂಡ ಬರುವುದಿಲ್ಲ. ಆಗ ಕಾದ ಸೆಲ್‌ನ ಬಿಸಿ ಪಕ್ಕದ್ದರ ಜತೆ ಬೆರೆತು ಅಳತೆಯಲ್ಲಿ ಕಡಿಮೆ ಕಾಣುತ್ತದೆ.

ಕೋನದ ವಿಷಯದಲ್ಲಿ ‘ನೆತ್ತಿಯ ಮೇಲೆ ನಿಂತು ನೇರ ಕೆಳಗೆ ನೋಡುವುದೇ ಸುಲಭ’ ಎಂದು ತೋರುತ್ತದೆ. ಆದರೆ ಫೆಬ್ರುವರಿ ಮಧ್ಯದಲ್ಲಿ, ಬೆಂಗಳೂರಿನಲ್ಲಿ ಸೂರ್ಯ ತುತ್ತತುದಿಗೆ ಬರುವ ಸುಮಾರು 12.35ಕ್ಕೆ, ಅವನು ನೆತ್ತಿಯಿಂದ 26 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. 13 ಡಿಗ್ರಿ ಓರೆಯ ಗಾಜು ಆ ಬಿಸಿಲನ್ನು ನೆಟ್ಟಗೆ ಮೇಲಕ್ಕೇ, ಡ್ರೋನ್‌ನ ಕಣ್ಣಿಗೇ ಹೊಡೆಯುತ್ತದೆ. ಹಾಗಾಗಿ ಹನ್ನೊಂದು ಗಂಟೆಯ ಹೊತ್ತಿಗೆ, ಸಾಲಿನ ದಕ್ಷಿಣಕ್ಕೆ ಸರಿದು ನಿಂತು ಕ್ಯಾಮೆರಾವನ್ನು ಓರೆ ಮಾಡಿ ತೆಗೆಯಿರಿ. ತೀರಾ ಓರೆಯೂ ಬೇಡ. ಗಾಜಿಗೆ ಲಂಬವಾದ ರೇಖೆಯಿಂದ 60 ಡಿಗ್ರಿ ದಾಟಿದರೆ ಗಾಜು ತನ್ನ ಬಿಸಿಗಿಂತ ಸುತ್ತಲಿನ ಗೋಡೆ, ನೀರಿನ ಟ್ಯಾಂಕುಗಳ ಬಿಂಬವನ್ನೇ ಹೆಚ್ಚು ತೋರಿಸುತ್ತದೆ. 20ರಿಂದ 40 ಡಿಗ್ರಿ ಒಳ್ಳೆಯದು.

ಬಿಸಿ ಚುಕ್ಕೆ ಕಂಡ ಕೂಡಲೇ ಡ್ರೋನನ್ನು ಎರಡು ಮೀಟರ್ ಪಕ್ಕಕ್ಕೆ ಸರಿಸಿ. ಚುಕ್ಕೆಯೂ ಜತೆಗೆ ಜರುಗಿದರೆ ಅದು ಬಿಂಬ. ಅದೇ ಸೆಲ್‌ನಲ್ಲಿ ಕಚ್ಚಿಕೊಂಡಿದ್ದರೆ ನಿಜವಾದ ಬಿಸಿ.

ಗಾಜು ತನ್ನ ಬಿಸಿಯನ್ನು ಎಷ್ಟರ ಮಟ್ಟಿಗೆ ಹೊರಸೂಸುತ್ತದೆ ಎಂದು ಹೇಳುವ ಎಮಿಸಿವಿಟಿಯನ್ನು ಕ್ಯಾಮೆರಾದಲ್ಲಿ 0.85ಕ್ಕೆ ಇಡಿ. ಬಣ್ಣದ ಶ್ರೇಣಿಯನ್ನು ‘ಆಟೋ’ದಲ್ಲಿ ಬಿಡದೆ 30ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಟ್ಟಿಹಾಕಿ. ಆಟೋದಲ್ಲಿ ಮೂರು ಡಿಗ್ರಿಯ ವ್ಯತ್ಯಾಸವೂ ಕೆಂಡದ ಹಾಗೆ ಕಾಣಿಸಿ ಮನೆಯವರನ್ನು ಹೆದರಿಸುತ್ತದೆ. ಪ್ರತಿ ಪಿಕ್ಸೆಲ್‌ನ ತಾಪಮಾನ ಉಳಿಯುವ ರೇಡಿಯೋಮೆಟ್ರಿಕ್ ಫೈಲ್ ಆಗಿಯೇ ಉಳಿಸಿ, ಪ್ರತಿ ಸಲ ಡ್ರೋನ್ ನಿಂತ ಮೇಲೆಯೇ ಒತ್ತಿ. ವೀಡಿಯೊ ಮಾಡಿಕೊಂಡು ಸರಸರನೆ ಹೋದರೆ ಚಿತ್ರ ಕಲಸಿಹೋಗುತ್ತದೆ.

ಚಿತ್ರವನ್ನು ಓದುವುದು

ನಮ್ಮ ಉದಾಹರಣೆಯಲ್ಲಿ ಏಳನೇ ಪ್ಯಾನೆಲ್‌ನ ಒಂದು ಸೆಲ್ 74 ಡಿಗ್ರಿ ಇದೆ, ಅದೇ ಪ್ಯಾನೆಲ್‌ನ ಉಳಿದವು 52. ವ್ಯತ್ಯಾಸ 22 ಡಿಗ್ರಿ. ಆ ಹೊತ್ತಿನ ಬಿಸಿಲು 780 ವಾಟ್ ಇತ್ತು ಎನ್ನಿ. ಪೂರ್ತಿ 1000 ವಾಟ್ ಬಿಸಿಲಿಗೆ ಲೆಕ್ಕ ಹಾಕಿದರೆ 22×1000÷780, ಅಂದರೆ ಸುಮಾರು 28 ಡಿಗ್ರಿ. ಇದು ಅಂದಾಜು ಲೆಕ್ಕ. ಆದರೂ ಬೇರೆ ಬೇರೆ ದಿನದ ಚಿತ್ರಗಳನ್ನು ಹೋಲಿಸಲು ಇದು ಬೇಕು. ವ್ಯತ್ಯಾಸ 10 ಡಿಗ್ರಿಯೊಳಗಿದ್ದರೆ ಆರು ತಿಂಗಳ ನಂತರ ಮತ್ತೆ ನೋಡಿದರೆ ಸಾಕು. 20 ದಾಟಿದರೆ ಬಿಡುವಂತಿಲ್ಲ.

ಮೊದಲು ಅದೇ ಜಾಗದ ಸಾಮಾನ್ಯ ಫೋಟೊ ನೋಡಿ. ಹಿಕ್ಕೆ ಅಥವಾ ಎಲೆ ಇದ್ದರೆ ಒರೆಸಿ, ಮರುದಿನ ಅದೇ ಹೊತ್ತಿಗೆ ಮತ್ತೆ ಹಾರಿಸಿ. ಬಿಸಿ ಮಾಯವಾದರೆ ಪ್ಯಾನೆಲ್ ತಪ್ಪಲ್ಲ. ಆಂಟೆನಾ ಕಂಬದ ನೆರಳೂ ಇದೇ ರೀತಿ ಮೋಸ ಮಾಡುತ್ತದೆ.

ಒಂದೇ ಸೆಲ್ ಬದಲು ಪ್ಯಾನೆಲ್‌ನ ಮೂರನೇ ಒಂದು ಭಾಗ ಪಟ್ಟಿಯಾಗಿ ಕೆಲವೇ ಡಿಗ್ರಿ ಬೆಚ್ಚಗಿದ್ದರೆ ಕೆಟ್ಟ ಭಾಗವನ್ನು ಬಳಸಿ ಕರೆಂಟನ್ನು ಬೇರೆ ದಾರಿಯಲ್ಲಿ ಸಾಗಿಸುವ ಬೈಪಾಸ್ ಡಯೋಡ್ ಆ ಭಾಗವನ್ನು ಪಕ್ಕಕ್ಕಿಟ್ಟಿದೆ ಎಂದರ್ಥ. ಬಣ್ಣ ತಣ್ಣಗಿದೆ ಎಂದು ಇದನ್ನು ಕಡೆಗಣಿಸಬೇಡಿ, ಆ ಪ್ಯಾನೆಲ್‌ನ ಮೂರನೇ ಒಂದು ಭಾಗದ ಉತ್ಪಾದನೆಯೇ ಹೋಗಿರುತ್ತದೆ. ಹತ್ತು ಪ್ಯಾನೆಲ್‌ನ ಇಡೀ ಸ್ಟ್ರಿಂಗ್ ಪಕ್ಕದ ಸಾಲಿಗಿಂತ ಒಂದೇ ಸಮ ಬೆಚ್ಚಗಿದ್ದರೆ ಪ್ಯಾನೆಲ್ ಬಿಟ್ಟು ಫ್ಯೂಸ್ ಮತ್ತು ಕನೆಕ್ಟರ್ ನೋಡಿ. ಕರೆಂಟಾಗಿ ಹೊರಹೋಗದ ಬಿಸಿಲು ಅಲ್ಲೇ ಶಾಖವಾಗಿ ಉಳಿದಿರುತ್ತದೆ.

ಒರೆಸಿದರೂ ಏಳನೇ ಪ್ಯಾನೆಲ್‌ನ ಬಿಸಿ ಹೋಗಲಿಲ್ಲವೆಂದರೆ ಥರ್ಮಲ್ ಫೈಲ್, ಅದೇ ಹೊತ್ತಿನ ಸಾಮಾನ್ಯ ಫೋಟೊ, ಬಿಸಿಲಿನ ಅಳತೆ, ಇನ್ವರ್ಟರ್ ಉತ್ಪಾದನೆ, ಪ್ಯಾನೆಲ್‌ನ ಕ್ರಮಸಂಖ್ಯೆ, ಈ ಐದನ್ನೂ ಒಟ್ಟಿಗೆ ಸೇರಿಸಿ ವಾರಂಟಿ ಕೇಳಿ. ಬರೀ ಬಣ್ಣದ ಚಿತ್ರ ಕಳಿಸಿದರೆ ತಳ್ಳಿಹಾಕುವುದು ಸುಲಭ. ಪ್ಯಾನೆಲ್ ಬಿಚ್ಚಿಸುವ ದಿನ ಮೊದಲು ಇನ್ವರ್ಟರ್, ಆಮೇಲೆ ಪ್ಯಾನೆಲ್ ಕಡೆಯ ಸ್ವಿಚ್ ಆದ ಡಿಸಿ ಐಸೊಲೇಟರ್ ಆಫ್ ಮಾಡಿಸಿ. ಕರೆಂಟ್ ಹರಿಯುತ್ತಿರುವಾಗ ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್ ಎಳೆದರೆ 400 ವೋಲ್ಟ್‌ನ ಡಿಸಿ ಕಿಡಿ ಎಸಿಯ ಹಾಗೆ ಬೇಗ ನಂದುವುದಿಲ್ಲ, ಕೈ ಸುಟ್ಟುಬಿಡುತ್ತದೆ.