ಹತ್ತರಲ್ಲಿ ಎಂಟು ಗೆಲುವು ಎಲ್ಲಿಂದ ಬಂತು: ಕೃತಕ ಬೆಲೆ ಸರಣಿಗಳಲ್ಲಿ ಒಂದು ತಂತ್ರದ ಪರೀಕ್ಷೆ

ನಾನು ಪರೀಕ್ಷೆಗೆ ಒಡ್ಡಿದ ತಂತ್ರ ಸರಳವಾದದ್ದು. ಷೇರು ಸೂಚ್ಯಂಕ ನಿಫ್ಟಿ ತನ್ನ 20 ದಿನಗಳ ಸರಾಸರಿಗಿಂತ 3% ಕೆಳಗೆ ಮುಕ್ತಾಯವಾದ ದಿನ ಕೊಳ್ಳುವುದು, 2% ಲಾಭ ಬಂದರೆ ಮಾರುವುದು, 6% ನಷ್ಟವಾದರೆ ಸ್ಟಾಪ್‌ಲಾಸ್‌ನಲ್ಲಿ ಹೊರಬರುವುದು. 2010ರಿಂದ 2019ರವರೆಗಿನ ದೈನಿಕ ಬೆಲೆಗಳ ಮೇಲೆ ಬ್ಯಾಕ್‌ಟೆಸ್ಟ್ ಮಾಡಿದಾಗ ಸುಮಾರು 80% ವಹಿವಾಟುಗಳು ಲಾಭದಲ್ಲಿ ಮುಗಿದವು. ಎಂಟು ಸಲ 2% ಬಂದು ಎರಡು ಸಲ 6% ಹೋದರೆ ವಹಿವಾಟಿಗೆ ಸರಾಸರಿ 0.4% ಉಳಿಯುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ನನ್ನ ಗೆಳೆಯ ಹುಬ್ಬಳ್ಳಿಗೆ ಬಂದಾಗ ಈ ಲೆಕ್ಕ ನೋಡಿ, "ಹತ್ತರಾಗ ಎಂಟ್ ಸಲ ಗೆಲ್ಲತೈತಿ ಅಂದ ಮ್ಯಾಲ ಮತ್ತೇನ್ ಪರೀಕ್ಷೆ ಮಾಡ್ತೀರಿ?" ಎಂದು ಕೇಳಿದರು.

ಪರೀಕ್ಷಿಸಬೇಕಾದದ್ದು ಆ ಹತ್ತು ವರ್ಷಗಳ ಸ್ವಭಾವವನ್ನೇ. 2008ರ ಜನವರಿಯಲ್ಲಿ 6,287ರಲ್ಲಿದ್ದ ನಿಫ್ಟಿ ಅಕ್ಟೋಬರ್ ಕೊನೆಗೆ 2,524ಕ್ಕೆ ಇಳಿದಿತ್ತು. ಅಂಥ ದೀರ್ಘ ಕುಸಿತ ನನ್ನ ದತ್ತಾಂಶದಲ್ಲಿ ಇರಲಿಲ್ಲ. 2008ನ್ನು ಸೇರಿಸಿಕೊಂಡರೂ ಸಿಗುವುದು ಒಂದೇ ಒಂದು ಉದಾಹರಣೆ. ಆದ್ದರಿಂದ ಕಂಪ್ಯೂಟರ್‌ನಲ್ಲಿ ಬೆಲೆಗಳ ಕೃತಕ ಸರಣಿಗಳನ್ನು ತಯಾರಿಸಿದೆ.

ಮೊದಲು ಏರಿಕೆಯೂ ಇಳಿಕೆಯೂ ಇಲ್ಲದ, ಪ್ರತಿದಿನದ ಬದಲಾವಣೆ ಹಿಂದಿನ ದಿನಕ್ಕೆ ಸಂಬಂಧಿಸದ ಸರಣಿಗಳ ಮೇಲೆ ತಂತ್ರವನ್ನು ಓಡಿಸಿದೆ. ಇಲ್ಲಿ ಖರ್ಚು ಕಳೆಯುವ ಮುನ್ನ ಸರಾಸರಿ ಲಾಭ ಸೊನ್ನೆಗೆ ಹತ್ತಿರ ಬರಲೇಬೇಕು. ಬರದಿದ್ದರೆ ತಪ್ಪು ಕೋಡ್‌ನಲ್ಲಿದೆ. ಲಾಭವನ್ನು ಮುಕ್ತಾಯದ ಬೆಲೆಯಲ್ಲಿ ಬರೆದುಕೊಂಡು, 7% ಕೆಳಗೆ ಮುಗಿದ ದಿನದ ನಷ್ಟವನ್ನು ಮಾತ್ರ 6% ಎಂದೇ ಬರೆದರೆ ಇಲ್ಲಿಯೂ ಹುಸಿ ಲಾಭ ಕಾಣಿಸುತ್ತದೆ. ಈ ಸರಣಿಗಳಲ್ಲಿಯೂ ಗೆಲುವಿನ ಪ್ರಮಾಣ 75%ರ ಆಸುಪಾಸಿನಲ್ಲಿರುತ್ತದೆ, ಏಕೆಂದರೆ 2% ದೂರದ ಗುರಿಯನ್ನು 6% ದೂರದ ಗುರಿಗಿಂತ ಮೊದಲು ಮುಟ್ಟುವ ಸಂಭವ 8ರಲ್ಲಿ 6. ಅಂದರೆ ನನ್ನ 80%ರಲ್ಲಿ 75% ಬರೀ ಗುರಿಗಳ ಅಂತರದಿಂದ ಬಂದದ್ದು.

ಉಳಿದ ಐದು ಎಲ್ಲಿಯದು ಎಂದು ತಿಳಿಯಲು ಆ ಹತ್ತು ವರ್ಷಗಳ ದೈನಿಕ ಬದಲಾವಣೆಗಳನ್ನು ಇಸ್ಪೀಟ್ ಎಲೆಗಳಂತೆ ಕಲಸಿ ಸಾವಿರಾರು ಹೊಸ ಸರಣಿಗಳನ್ನು ಕಟ್ಟಿದೆ. ಕಲಸಿದಾಗ "ಬಿದ್ದದ್ದು ಪುಟಿದೇಳುತ್ತದೆ" ಎಂಬ ಕ್ರಮ ಅಳಿದುಹೋಗುತ್ತದೆ, ಸರಾಸರಿ ಏರಿಕೆ ಮಾತ್ರ ಉಳಿಯುತ್ತದೆ. ಗೆಲುವು ಮತ್ತೆ 80%ಕ್ಕೇ ಬಂದು ನಿಂತಿತು. ಕಾಗದದ ಮೇಲಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಆ ದಶಕದಲ್ಲಿ ನಿಫ್ಟಿ ದಿನಕ್ಕೆ ಸರಾಸರಿ 0.035%ರಷ್ಟು ಏರಿತ್ತು, ಒಂದು ವಹಿವಾಟು ಸುಮಾರು 12 ದಿನ ತೆರೆದಿರುತ್ತದೆ, ಎರಡನ್ನೂ ಗುಣಿಸಿದರೆ 0.4%. ಕುಸಿತದಲ್ಲಿ ಕೊಳ್ಳುವ ನನ್ನ ಜಾಣತನಕ್ಕೆ ಇದರಲ್ಲಿ ಪಾಲೇ ಇರಲಿಲ್ಲ.

ಹಾಗಾದರೆ ಮಾರುಕಟ್ಟೆಯ ಗತಿ ಬದಲಾದಾಗ ಏನಾಗುತ್ತದೆ ಎಂಬುದನ್ನು ನೋಡಲು ಏರಿಕೆ, ಇಳಿಕೆ ಎಂಬ ಎರಡು ಸ್ಥಿತಿಗಳ ಮಾದರಿಯನ್ನು ಬಳಸಿದೆ. ಇದರಲ್ಲಿ `mu` ದಿನದ ಸರಾಸರಿ ಬದಲಾವಣೆ, `sd` ಏರಿಳಿತದ ಪ್ರಮಾಣ, `stay` ಮರುದಿನವೂ ಅದೇ ಸ್ಥಿತಿಯಲ್ಲಿ ಉಳಿಯುವ ಸಂಭವ, `r` ದೈನಿಕ ಬದಲಾವಣೆಗಳ ಸರಣಿ.

```python
import numpy as np
rng = np.random.default_rng()
n = 2500
r = np.zeros(n)
mu, sd = [0.00035, -0.001], [0.01, 0.01]
stay = [0.995, 0.99]
state = 0
for t in range(n):
    if rng.random() > stay[state]:
        state = 1 - state
    r[t] = rng.normal(mu[state], sd[state])
```

`stay` 0.99 ಆಗಿದ್ದರೆ ಇಳಿಕೆಯ ಸ್ಥಿತಿ ಸರಾಸರಿ 100 ದಿನ ಇರುತ್ತದೆ, ದಿನಕ್ಕೆ 0.1%ರಂತೆ ಒಟ್ಟು ಸುಮಾರು 10% ಇಳಿಕೆ. ಯಾರೂ ಹೌಹಾರದ ನಿಧಾನ ಇಳಿಕೆ ಅದು. ಆದರೂ ಅದರಲ್ಲಿ ಗೆಲುವು 59%ರ ಹತ್ತಿರಕ್ಕೆ ಕುಸಿಯುತ್ತದೆ, ವಹಿವಾಟಿಗೆ ಸರಾಸರಿ 1.3% ನಷ್ಟವಾಗುತ್ತದೆ. ದಿನದ ಇಳಿಕೆಯನ್ನು 0.15%ಕ್ಕೂ ಏರಿಳಿತವನ್ನು 1.8%ಕ್ಕೂ ಹೆಚ್ಚಿಸಿದಾಗ ವಹಿವಾಟಿನ ನಷ್ಟ 0.6%ರಷ್ಟಕ್ಕೆ ಇಳಿಯಿತು. ಏರಿಳಿತ ಜೋರಾಗಿದ್ದರೆ ಬೆಲೆ ನಾಲ್ಕೇ ದಿನಗಳಲ್ಲಿ ಒಂದಲ್ಲ ಒಂದು ಗುರಿಯನ್ನು ಮುಟ್ಟುತ್ತದೆ. ಸದ್ದಿಲ್ಲದ ಇಳಿಕೆ ನಮ್ಮನ್ನು ಹದಿಮೂರು ದಿನ ಒಳಗೇ ಕೂರಿಸಿಕೊಳ್ಳುತ್ತದೆ.

ಇನ್ನೂ ಕೆಟ್ಟ ಸಂಗತಿಯೆಂದರೆ ಕೊಳ್ಳುವ ಸೂಚನೆಯೇ ಈ ಕಾಲದಲ್ಲಿ ಹೆಚ್ಚಾಗಿ ಬರುತ್ತದೆ. ಸತತ ಇಳಿಕೆಯಲ್ಲಿ ಬೆಲೆ 20 ದಿನಗಳ ಸರಾಸರಿಗಿಂತ ಸಹಜವಾಗಿಯೇ ಸುಮಾರು 1% ಕೆಳಗಿರುತ್ತದೆ, ಆದ್ದರಿಂದ 3%ರ ಗೆರೆಗೆ ಉಳಿಯುವ ದೂರ 2% ಮಾತ್ರ.

ಈ ಮಾದರಿಯ ಮಿತಿಗಳನ್ನೂ ಹೇಳಬೇಕು. 100 ದಿನ, 0.1% ಎಂಬವು ನಾನೇ ಇಟ್ಟ ಅಂಕಿಗಳು. ಅಂಥ ಕಾಲ ಬರುವ ಸಂಭವ ಎಷ್ಟೆಂದು ಈ ಪರೀಕ್ಷೆ ಹೇಳುವುದಿಲ್ಲ. ಅತಿ ದೊಡ್ಡ ಬದಲಾವಣೆಗಳನ್ನು ಕೊಡದ `rng.normal` ಬಳಸಿದ ಕಾರಣ 2020ರ ಮಾರ್ಚ್ 23ರಂದು ಆದ 13%ರಂಥ ಒಂದೇ ದಿನದ ಕುಸಿತ ಈ ಸರಣಿಗಳಲ್ಲಿ ಹುಟ್ಟುವುದೇ ಇಲ್ಲ, ಆದ್ದರಿಂದ ನಿಜವಾದ ನಷ್ಟ ಇದಕ್ಕಿಂತ ಹೆಚ್ಚಿರಬಹುದು.

ಆ ತಂತ್ರವನ್ನು ಕೈಬಿಟ್ಟೆ. ಮಾರುಕಟ್ಟೆಯ ಸಾಮಾನ್ಯ ಏರಿಕೆಯಷ್ಟೇ ಬೇಕಿದ್ದರೆ ಸೂಚ್ಯಂಕ ನಿಧಿ ಅದನ್ನು ಪದೇ ಪದೇ ದಲಾಲಿ ಕಟ್ಟಿಸಿಕೊಳ್ಳದೆ ಕೊಡುತ್ತದೆ. ಈಗ ಹೊಸ ತಂತ್ರ ಯಾವುದೇ ಬರಲಿ, ಮೊದಲು `r - r.mean()` ಮಾಡಿ ಸರಾಸರಿ ಏರಿಕೆಯನ್ನು ತೆಗೆದು, ದಿನಗಳ ಕ್ರಮವನ್ನು ಹಾಗೆಯೇ ಬಿಟ್ಟು ಓಡಿಸುತ್ತೇನೆ. ಅಲ್ಲಿಯೂ ಲಾಭ ಉಳಿದರೆ ಮಾತ್ರ ಎರಡು ಸ್ಥಿತಿಗಳ ಪರೀಕ್ಷೆಗೆ ಕಳಿಸುತ್ತೇನೆ.